ಅರ್ಧ ಸೀಟು, ಪೂರ್ತಿ ನಷ್ಟ

2021ರ ಏಪ್ರಿಲ್ 1ರಂದು ಪುನೀತ್ ರಾಜ್‌ಕುಮಾರ್ ಅವರ ‘ಯುವರತ್ನ’ ತೆರೆಗೆ ಬಂತು. ಎಲ್ಲೆಡೆ ಹೌಸ್‌ಫುಲ್ ಬೋರ್ಡು ಬಿದ್ದಿತ್ತು. ಮರುದಿನವೇ, ಕೋವಿಡ್ ಎರಡನೇ ಅಲೆಯ ಕಾರಣಕ್ಕೆ ಬೆಂಗಳೂರು, ಮೈಸೂರು ಮೊದಲಾದ ಕಡೆ ಚಿತ್ರಮಂದಿರಗಳು ಅರ್ಧದಷ್ಟು ಸೀಟಿಗೆ ಮಾತ್ರ ಟಿಕೆಟ್ ಮಾರಬೇಕೆಂದು ರಾಜ್ಯ ಸರ್ಕಾರದ ಆದೇಶ ಹೊರಟಿತು. ಚಿತ್ರರಂಗದವರು ಮೊರೆಯಿಟ್ಟ ಮೇಲೆ ಏಪ್ರಿಲ್ 7ರವರೆಗೆ ವಿನಾಯಿತಿ ಸಿಕ್ಕಿತು. 9ರಂದು ಚಿತ್ರ ಓಟಿಟಿಗೆ ಹೋಯಿತು.

ಆಗ ಹಲವರಿಗೆ ಒಂದು ಪ್ರಶ್ನೆ ಬಂದಿತ್ತು. ಅರ್ಧ ಸೀಟು ಅಂದರೆ ಅರ್ಧ ಆದಾಯ. ಲಾಭವೂ ಅರ್ಧವಾಗಬಹುದು, ಅಷ್ಟೇ ತಾನೆ? ಸಂಕಟದ ಕಾಲದಲ್ಲಿ ಅರ್ಧ ಲಾಭಕ್ಕೆ ತೃಪ್ತಿಪಟ್ಟುಕೊಳ್ಳುವ ಬದಲು ಚಿತ್ರಮಂದಿರದವರೂ ನಿರ್ಮಾಪಕರೂ ಬಾಗಿಲು ಮುಚ್ಚುವ ಮಾತನ್ನೇಕೆ ಆಡುತ್ತಾರೆ? ಈ ಪ್ರಶ್ನೆಗೆ ಉತ್ತರ ಲೆಕ್ಕದಲ್ಲಿದೆ. ವ್ಯಾಪಾರ ಅರ್ಧವಾದರೆ ಲಾಭ ಅರ್ಧವಾಗುವುದಿಲ್ಲ. ಎಷ್ಟೋ ಉದ್ಯಮಗಳಲ್ಲಿ ಲಾಭವೇ ಮಾಯವಾಗಿ ನಷ್ಟ ಎದುರಾಗುತ್ತದೆ. ವ್ಯಾಪಾರದ ಸಣ್ಣ ಏರಿಳಿತ ಲಾಭದಲ್ಲಿ ದೊಡ್ಡ ಏರಿಳಿತವಾಗಿ ಕಾಣಿಸಿಕೊಳ್ಳುವ ಈ ಗುಣವನ್ನು ಹಣಕಾಸಿನವರು ಆಪರೇಟಿಂಗ್ ಲೆವರೇಜ್ ಎನ್ನುತ್ತಾರೆ. ಅದು ಹುಟ್ಟುವುದು ಸ್ಥಿರ ವೆಚ್ಚದಿಂದ, ಅಂದರೆ ಗಿರಾಕಿ ಬಂದರೂ ಬಾರದಿದ್ದರೂ ಕೊಡಲೇಬೇಕಾದ ಖರ್ಚಿನಿಂದ. ಇದನ್ನು ತಿಳಿಯಲು ಚಿತ್ರಮಂದಿರದಷ್ಟು ಸ್ಪಷ್ಟವಾದ ಉದಾಹರಣೆ ಕಡಿಮೆ.

ಒಂದು ತಾಲ್ಲೂಕು ಕೇಂದ್ರದ ಚಿತ್ರಮಂದಿರವನ್ನು ಊಹಿಸಿಕೊಳ್ಳೋಣ. ಅಂಕಿಗಳು ಲೆಕ್ಕದ ಅನುಕೂಲಕ್ಕೆ ನಾನೇ ಕಟ್ಟಿಕೊಂಡವು. ಆದರೆ ಖರ್ಚಿನ ಬಾಬ್ತುಗಳು ನಿಜವಾದವೇ. 400 ಸೀಟು, ದಿನಕ್ಕೆ ನಾಲ್ಕು ಆಟ, ತಿಂಗಳಿಗೆ 120 ಆಟ. ಒಟ್ಟು 48,000 ಸೀಟುಗಳಲ್ಲಿ ಸಾಧಾರಣ ತಿಂಗಳಿನಲ್ಲಿ 12,000 ಭರ್ತಿಯಾಗುತ್ತವೆ, ಅಂದರೆ ಕಾಲು ಭಾಗ. ತೆರಿಗೆ ಕಳೆದು ಟಿಕೆಟ್ಟಿಗೆ 100 ರೂಪಾಯಿ. ಅದರಲ್ಲಿ ಅರ್ಧ ವಿತರಕರ ಪಾಲು, ಇನ್ನರ್ಧ ಚಿತ್ರಮಂದಿರದ್ದು. ಜೊತೆಗೆ ಬಂದವರು ಕ್ಯಾಂಟೀನಿನಲ್ಲಿ ಸರಾಸರಿ 30 ರೂಪಾಯಿ ಖರ್ಚು ಮಾಡುತ್ತಾರೆ. ಪಾಪ್‌ಕಾರ್ನು, ಸಮೋಸ, ತಂಪು ಪಾನೀಯಗಳ ಅಸಲು 10 ರೂಪಾಯಿ ಕಳೆದರೆ 20 ಉಳಿಯುತ್ತದೆ. ಹೀಗೆ ಒಬ್ಬ ಪ್ರೇಕ್ಷಕ ಒಳಗೆ ಬಂದರೆ ಮಾಲೀಕರ ಕೈಯಲ್ಲಿ ಉಳಿಯುವುದು 70 ರೂಪಾಯಿ. 12,000 ಜನಕ್ಕೆ 8.4 ಲಕ್ಷ.

ಈಗ ಖರ್ಚು. ಕಟ್ಟಡದ ಬಾಡಿಗೆ 2.5 ಲಕ್ಷ. ಮ್ಯಾನೇಜರ್, ಪ್ರೊಜೆಕ್ಟರ್ ಆಪರೇಟರ್, ಬುಕಿಂಗ್ ಕೌಂಟರಿನವರು, ಗೇಟಿನವರು, ಕಸ ಗುಡಿಸುವವರು ಎಲ್ಲರ ಸಂಬಳ 2.1 ಲಕ್ಷ. ವಿದ್ಯುತ್ 1.4 ಲಕ್ಷ. ಪ್ರೊಜೆಕ್ಟರ್, ಧ್ವನಿವ್ಯವಸ್ಥೆ, ಕುರ್ಚಿಗಳ ಸವಕಳಿ ಮತ್ತು ದುರಸ್ತಿ, ವಿಮೆ, ಲೈಸೆನ್ಸು ಎಲ್ಲ ಸೇರಿ 1 ಲಕ್ಷ. ಒಟ್ಟು 7 ಲಕ್ಷ. ಇದರಲ್ಲಿ ಹೆಚ್ಚಿನದು ಪ್ರೇಕ್ಷಕರ ಸಂಖ್ಯೆಯನ್ನು ಕೇಳುವುದೇ ಇಲ್ಲ. ಪರದೆಯ ಮುಂದೆ 35 ಜನ ಕೂತರೂ 350 ಜನ ಕೂತರೂ ಅದೇ ದೀಪ ಉರಿಯಬೇಕು, ಇಡೀ ಹಾಲನ್ನೇ ತಂಪು ಮಾಡಬೇಕು. ಬಾಗಿಲಲ್ಲಿ ಟಿಕೆಟ್ ಹರಿಯುವವರಿಗೆ ಸಂಬಳ ಕೊಡುವುದು ತಿಂಗಳ ಲೆಕ್ಕದಲ್ಲೇ ಹೊರತು ಹರಿದ ಟಿಕೆಟ್ಟಿನ ಲೆಕ್ಕದಲ್ಲಲ್ಲ.

8.4 ಲಕ್ಷದಲ್ಲಿ 7 ಲಕ್ಷ ಕಳೆದರೆ ತಿಂಗಳ ಲಾಭ 1.4 ಲಕ್ಷ. ಮುಂದಿನ ತಿಂಗಳು ಪ್ರೇಕ್ಷಕರು ಶೇ 10ರಷ್ಟು ಹೆಚ್ಚಾದರು ಅಂದುಕೊಳ್ಳಿ. 1,200 ಜನ ಹೆಚ್ಚು ಬಂದರೆ ಅವರಿಂದ ಉಳಿಯುವುದು 84 ಸಾವಿರ. ಖರ್ಚಿನ 7 ಲಕ್ಷ ಆಗಲೇ ಹುಟ್ಟಿರುವುದರಿಂದ ಈ 84 ಸಾವಿರ ನೇರ ಲಾಭಕ್ಕೆ ಸೇರುತ್ತದೆ. 1.4 ಲಕ್ಷ ಇದ್ದದ್ದು 2.24 ಲಕ್ಷವಾಯಿತು. ಜನ ಹೆಚ್ಚಿದ್ದು ಶೇ 10, ಲಾಭ ಹೆಚ್ಚಿದ್ದು ಶೇ 60. ಅದೇ ಶೇ 10ರಷ್ಟು ಜನ ಕಡಿಮೆಯಾದರೆ ಲಾಭ 56 ಸಾವಿರಕ್ಕೆ ಇಳಿಯುತ್ತದೆ. ಅಲ್ಲೂ ಶೇ 60ರ ಕುಸಿತ. ಏರುವಾಗ ಆರು ಪಟ್ಟು, ಇಳಿಯುವಾಗಲೂ ಆರು ಪಟ್ಟು.

ಈ ಆರು ಎಂಬ ಅಂಕಿಯನ್ನು ತಿಳಿಯಲು ಪ್ರತಿ ಸಲವೂ ಹೀಗೆ ಏರಿಸಿ ಇಳಿಸಿ ನೋಡಬೇಕಿಲ್ಲ. ಗಿರಾಕಿಗಳಿಂದ ಉಳಿದ ಒಟ್ಟು ಹಣವನ್ನು ಲಾಭದಿಂದ ಭಾಗಿಸಿದರೆ ಸಾಕು. 8.4 ಲಕ್ಷವನ್ನು 1.4 ಲಕ್ಷದಿಂದ ಭಾಗಿಸಿದರೆ 6. ಈ ಅಂಕಿಯನ್ನು ತಿರುಗಿಸಿ ಹಿಡಿದರೆ ಇನ್ನೊಂದು ಉಪಯೋಗವಿದೆ: ವ್ಯಾಪಾರ ಆರನೇ ಒಂದು ಭಾಗದಷ್ಟು, ಅಂದರೆ ಶೇ 17ರ ಹತ್ತಿರ ಬಿದ್ದರೆ ಲಾಭ ಪೂರ್ತಿ ಸೊನ್ನೆ. ನಮ್ಮ ಚಿತ್ರಮಂದಿರಕ್ಕೆ ಅದು 10,000 ಪ್ರೇಕ್ಷಕರ ಗೆರೆ. ಅದಕ್ಕಿಂತ ಕೆಳಗೆ ಹೋದ ಪ್ರತಿಯೊಬ್ಬ ಪ್ರೇಕ್ಷಕನಿಗೂ ಮಾಲೀಕರು ತಮ್ಮ ಜೇಬಿನಿಂದ 70 ರೂಪಾಯಿ ತೆಗೆದಿಡಬೇಕು.

ಆರು ಎಂಬುದು ಚಿತ್ರಮಂದಿರದ ಹಣೆಯಲ್ಲಿ ಬರೆದಿಟ್ಟ ಅಂಕಿಯಲ್ಲ ಎಂಬುದನ್ನೂ ಗಮನಿಸಬೇಕು. ‘ಕೆಜಿಎಫ್ 2’, ‘ಕಾಂತಾರ’ದಂಥ ಚಿತ್ರ ಬಂದು ತಿಂಗಳಿಗೆ 24,000 ಜನ ಬಂದರು ಎನ್ನಿ. ಆಗ ಉಳಿಯುವುದು 16.8 ಲಕ್ಷ, ಲಾಭ 9.8 ಲಕ್ಷ. ಜನ ಎರಡು ಪಟ್ಟಾದಾಗ ಲಾಭ ಏಳು ಪಟ್ಟಾಯಿತು. ಆದರೆ ಆ ಎತ್ತರದಲ್ಲಿ ನಿಂತು ಮತ್ತೆ ಭಾಗಿಸಿ ನೋಡಿ: 16.8ನ್ನು 9.8ರಿಂದ ಭಾಗಿಸಿದರೆ ಸುಮಾರು 1.7. ಅಲ್ಲಿ ಶೇ 10ರಷ್ಟು ಜನ ಕಡಿಮೆಯಾದರೆ ಲಾಭ ಶೇ 17ರಷ್ಟು ಇಳಿಯುತ್ತದೆ, ಅಷ್ಟೇ. ಅತ್ತ 10,500 ಜನ ಬರುವ ಬಡ ತಿಂಗಳಿನಲ್ಲಿ ಲಾಭ ಕೇವಲ 35 ಸಾವಿರ, ಆ ಅಂಕಿ 21. ಕಟ್ಟಡ, ಸಿಬ್ಬಂದಿ, ಯಂತ್ರ ಎಲ್ಲ ಅವೇ. ಲಾಭ-ನಷ್ಟದ ಗೆರೆಗೆ ಎಷ್ಟು ಹತ್ತಿರ ನಿಂತಿದ್ದೇವೆ ಎಂಬುದರ ಮೇಲೆ ಜೋಲಿ ಹೊಡೆಯುವ ಪ್ರಮಾಣ ಬದಲಾಗುತ್ತದೆ. ‘ಕಂಪನಿಯ ಲಾಭ ಒಂದೇ ವರ್ಷದಲ್ಲಿ ನಾಲ್ಕು ಪಟ್ಟು’ ಎಂಬ ಸುದ್ದಿ ಓದಿ ಷೇರು ಕೊಳ್ಳಲು ಹೊರಡುವವರು ಮೊದಲು ನೋಡಬೇಕಾದ್ದು ಹಿಂದಿನ ವರ್ಷದ ಲಾಭ ಎಷ್ಟು ಸಣ್ಣದಿತ್ತು ಎಂಬುದನ್ನು. ಗೆರೆಯ ಅಂಚಿನಿಂದ ಮೇಲೆದ್ದ ಕಂಪನಿ ಅಂಥ ಜಿಗಿತವನ್ನು ಒಮ್ಮೆ ತೋರಿಸುತ್ತದೆ, ಪ್ರತಿ ವರ್ಷ ಅಲ್ಲ.

ಈಗ ಅರ್ಧ ಸೀಟಿನ ಆದೇಶಕ್ಕೆ ಬರೋಣ. ಇಲ್ಲೊಂದು ಆಕ್ಷೇಪ ಏಳುವುದು ಸಹಜ. ಸರಾಸರಿ ಭರ್ತಿಯೇ ಕಾಲು ಭಾಗ ಇರುವಾಗ ಅರ್ಧದ ಮಿತಿ ಹಾಕಿದರೆ ಏನು ತೊಂದರೆ? ಹೇಗೂ ಮುಕ್ಕಾಲು ಸೀಟು ಖಾಲಿ ಬಿದ್ದಿರುತ್ತವಲ್ಲ? ಸರಾಸರಿ ಅಂಕಿ ಮೋಸ ಮಾಡುವುದು ಇಲ್ಲಿಯೇ. ತಿಂಗಳಿನಲ್ಲಿ ಎರಡು ದೊಡ್ಡ ಚಿತ್ರಗಳು ಬಂದು, ತಲಾ ಮೊದಲ ಮೂರು ದಿನ ಚೆನ್ನಾಗಿ ಓಡುತ್ತವೆ ಅಂದುಕೊಳ್ಳಿ. ಆ 24 ಆಟಗಳಿಗೆ ಸರಾಸರಿ 360 ಜನ. ಅಲ್ಲಿಗೆ 8,640 ಆಯಿತು. ಉಳಿದ 96 ಆಟಗಳಿಗೆ ತಲಾ 35 ಜನ, ಒಟ್ಟು 3,360. ಎರಡೂ ಸೇರಿ 12,000. ಅಂದರೆ ತಿಂಗಳ ಐದನೇ ಒಂದು ಭಾಗದ ಆಟಗಳು ಶೇ 72ರಷ್ಟು ಪ್ರೇಕ್ಷಕರನ್ನು ತರುತ್ತಿವೆ. ಅರ್ಧದ ಮಿತಿ ಆ ಖಾಲಿ ಆಟಗಳನ್ನು ಮುಟ್ಟುವುದೇ ಇಲ್ಲ. ಅದು ಕತ್ತರಿಸುವುದು ತುಂಬಿದ ಆಟಗಳನ್ನು. 360 ಇದ್ದದ್ದು 200 ಆದರೆ ತಿಂಗಳ ಒಟ್ಟು 8,160ಕ್ಕೆ ಇಳಿಯುತ್ತದೆ. ಅವರಿಂದ ಉಳಿಯುವುದು 5.71 ಲಕ್ಷ. 7 ಲಕ್ಷದ ಖರ್ಚಿನ ಮುಂದೆ ಇದು 1.29 ಲಕ್ಷದ ನಷ್ಟ. ಪ್ರೇಕ್ಷಕರು ಕಡಿಮೆಯಾದದ್ದು ಮೂರನೇ ಒಂದು ಭಾಗದಷ್ಟು; ಹೋದದ್ದು ಪೂರ್ತಿ ಲಾಭ ಮತ್ತು ಅದಕ್ಕೆ ಸುಮಾರು ಸಮನಾದ ಇನ್ನೊಂದು ಮೊತ್ತ. ದೊಡ್ಡ ಚಿತ್ರದವರು ಬಿಡುಗಡೆಯನ್ನೇ ಮುಂದೆ ಹಾಕಿದರೆ ಆ 24 ಆಟಗಳೂ ಬರಿದು. ಹೀಗಿರುವಾಗ ಚಿತ್ರರಂಗದವರ ಅಳಲು ಉತ್ಪ್ರೇಕ್ಷೆಯಾಗಿರಲಿಲ್ಲ ಎಂದೇ ನನ್ನ ಅಭಿಪ್ರಾಯ. ಆದೇಶದ ಹಿಂದಿದ್ದ ಆರೋಗ್ಯದ ಕಾರಣ ಸರಿಯಾಗಿತ್ತು, ಅದು ಬೇರೆ ಮಾತು. ಆದರೆ ‘ಅರ್ಧವಾದರೂ ಬಿಟ್ಟಿದ್ದೇವಲ್ಲ’ ಎಂಬ ಸಮಾಧಾನದ ಮಾತಿಗೆ ಲೆಕ್ಕದ ಆಧಾರ ಇರಲಿಲ್ಲ.

ದೊಡ್ಡ ಪ್ರಮಾಣದಲ್ಲಿ ಇದೇ ಕಥೆಯನ್ನು ಮಲ್ಟಿಪ್ಲೆಕ್ಸ್ ಕಂಪನಿ ಪಿವಿಆರ್‌ನ ಲೆಕ್ಕಪತ್ರದಲ್ಲಿ ಓದಬಹುದು. 2019-20ರಲ್ಲಿ ಅದರ ವಹಿವಾಟು ಸುಮಾರು 3,400 ಕೋಟಿ ರೂಪಾಯಿ. ಅಷ್ಟು ವಹಿವಾಟಿಗೆ ಉಳಿದ ಲಾಭ 27 ಕೋಟಿಯ ಆಸುಪಾಸು. ಮರುವರ್ಷ ಪರದೆಗಳು ತಿಂಗಳುಗಟ್ಟಲೆ ಮುಚ್ಚಿದ್ದವು. ವಹಿವಾಟು ಸುಮಾರು 280 ಕೋಟಿಗೆ ಕುಸಿದು, ನಷ್ಟ 750 ಕೋಟಿಯ ಹತ್ತಿರ ಬಂತು. ಮಾಲ್‌ಗಳ ಮಾಲೀಕರ ಜೊತೆ ಮಾತಾಡಿ ಮುಚ್ಚಿದ ಅವಧಿಯ ಬಾಡಿಗೆಯಲ್ಲಿ ವಿನಾಯಿತಿ ಪಡೆದು, ಸಿಬ್ಬಂದಿ ವೆಚ್ಚ ಕಡಿತ ಮಾಡಿದ ಮೇಲೂ ಉಳಿದ ನಷ್ಟ ಅದು. ಸ್ಥಿರ ವೆಚ್ಚ ಎನ್ನುವುದು ಕಲ್ಲಿನಲ್ಲಿ ಕೆತ್ತಿದ್ದಲ್ಲ, ಕಷ್ಟಕಾಲದಲ್ಲಿ ಮಾತುಕತೆಗೆ ಬಗ್ಗುತ್ತದೆ ಎಂಬುದು ಇದರಿಂದ ತಿಳಿಯುತ್ತದೆ. ಎದುರಿನ ಮಾಲ್‌ಗೆ ಬೇರೆ ಬಾಡಿಗೆದಾರ ಸಿಗದಿದ್ದಾಗ ಮಾತ್ರ ಆ ಮಾತುಕತೆ ಸಾಧ್ಯ ಎಂಬುದನ್ನೂ ಸೇರಿಸಬೇಕು.

ಹಾಗಾದರೆ ನಷ್ಟದ ತಿಂಗಳಿನಲ್ಲಿ ಬಾಗಿಲು ಹಾಕುವುದೇ ಜಾಣತನವೆ? ಅಲ್ಲ. ನಮ್ಮ ಚಿತ್ರಮಂದಿರಕ್ಕೆ ತಿಂಗಳಿಗೆ 6,000 ಜನ ಮಾತ್ರ ಬಂದರೆ ಉಳಿಯುವುದು 4.2 ಲಕ್ಷ, ನಷ್ಟ 2.8 ಲಕ್ಷ. ಬಾಗಿಲು ಹಾಕಿದರೆ ಬಾಡಿಗೆ, ಸಂಬಳ, ಸವಕಳಿ, ವಿದ್ಯುತ್ತಿನ ನಿಗದಿತ ಶುಲ್ಕ ಯಾವುದೂ ತಪ್ಪುವುದಿಲ್ಲ. 6 ಲಕ್ಷಕ್ಕಿಂತ ಹೆಚ್ಚೇ ಕೈಬಿಡುತ್ತದೆ. ಆದ್ದರಿಂದ ನಷ್ಟದಲ್ಲೂ ನಡೆಸುವುದೇ ಕಡಿಮೆ ನಷ್ಟ. ಆದರೆ ಒಂದೊಂದೇ ಆಟದ ಲೆಕ್ಕ ಬೇರೆ. ಒಂದು ಆಟ ಓಡಿಸಲು ವಿದ್ಯುತ್ತಿಗೆ 700 ರೂಪಾಯಿ ಹೆಚ್ಚುವರಿ ಬೀಳುತ್ತದೆ ಎಂದಿಟ್ಟುಕೊಂಡರೆ, ಹತ್ತು ಜನ ಬಂದರೆ ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ನಾಲ್ಕೇ ಜನ ಬಂದಾಗ ‘ಆಟ ಕ್ಯಾನ್ಸಲ್’ ಎಂದು ದುಡ್ಡು ವಾಪಸು ಕೊಡುವುದರ ಹಿಂದಿರುವುದು ಈ ಲೆಕ್ಕವೇ. ಯಾವ ಖರ್ಚು ಸ್ಥಿರ, ಯಾವುದು ಅಲ್ಲ ಎಂಬುದು ನಾವು ಎಷ್ಟು ಅವಧಿಯನ್ನು ಮುಂದಿಟ್ಟುಕೊಂಡು ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ. ಮೂರು ಗಂಟೆಯ ಆಟಕ್ಕೆ ಸಂಬಳವೂ ಸ್ಥಿರ, ಬಾಡಿಗೆಯೂ ಸ್ಥಿರ. ಒಂದು ವರ್ಷದ ಮಟ್ಟಿಗೆ ಸಿಬ್ಬಂದಿ ಸಂಖ್ಯೆ ಬದಲಿಸಬಹುದು. ಹತ್ತು ವರ್ಷದ ಮಟ್ಟಿಗೆ ಕಟ್ಟಡವನ್ನೇ ಬಿಡಬಹುದು.

ಖಾಲಿ ಸೀಟಿಗೆ ಹೆಚ್ಚುವರಿ ಖರ್ಚಿಲ್ಲ ಎಂಬ ಈ ತಿಳಿವಳಿಕೆಯೇ ಅಗ್ಗದ ಟಿಕೆಟ್ ದಿನಗಳ ಮೂಲ. 2022ರ ಸೆಪ್ಟೆಂಬರ್ 23ರಂದು ದೇಶದ ಮಲ್ಟಿಪ್ಲೆಕ್ಸ್‌ಗಳು ರಾಷ್ಟ್ರೀಯ ಸಿನಿಮಾ ದಿನವೆಂದು 75 ರೂಪಾಯಿಗೆ ಟಿಕೆಟ್ ಮಾರಿದವು. ನಮ್ಮ ಚಿತ್ರಮಂದಿರದವರು ಮಂಗಳವಾರದ ಟಿಕೆಟ್ಟನ್ನು 60ಕ್ಕೆ ಇಳಿಸಿದರೆ ಪ್ರೇಕ್ಷಕನೊಬ್ಬನಿಂದ ಉಳಿಯುವುದು 70ರ ಬದಲು 50. ಮೊದಲು 35 ಜನ ಬರುತ್ತಿದ್ದ ಆಟಕ್ಕೆ 49 ಜನ ಬಂದರೆ ಸಮ; 80 ಬಂದರೆ ಸ್ಪಷ್ಟ ಲಾಭ. ಅದೇ ರಿಯಾಯಿತಿಯನ್ನು ಹೌಸ್‌ಫುಲ್ ಆಗುವ ಶುಕ್ರವಾರಕ್ಕೆ ಕೊಟ್ಟರೆ ಪ್ರತಿ ಸೀಟಿಗೂ 20 ರೂಪಾಯಿ ಸುಮ್ಮನೆ ಕಳೆದುಕೊಂಡ ಹಾಗೆ. ಸ್ಥಿರ ವೆಚ್ಚ ಹೆಚ್ಚಿರುವ ಉದ್ಯಮಗಳಲ್ಲಿ, ವಿಮಾನವಿರಲಿ ಲಾಡ್ಜ್ ಇರಲಿ, ಒಂದೇ ಸೀಟು ಅಥವಾ ಕೋಣೆಗೆ ದಿನಕ್ಕೊಂದು ದರ ಇರುವುದು ಇದೇ ಕಾರಣಕ್ಕೆ.

ಈ ಏರಿಳಿತವನ್ನು ಯಾರು ಹೊರಬೇಕು ಎಂಬ ಪ್ರಶ್ನೆಯೇ ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಅದಕ್ಕೆ ಗಾಂಧಿನಗರದ ಹಳೆಯ ಜಗಳವನ್ನೇ ನೋಡಬಹುದು. ನಮ್ಮಲ್ಲಿ ಅನೇಕ ಏಕಪರದೆ ಚಿತ್ರಮಂದಿರಗಳು ಬಹುಕಾಲ ಬಾಡಿಗೆ ಪದ್ಧತಿಯಲ್ಲಿ ನಡೆದಿವೆ. ನಿರ್ಮಾಪಕ ಅಥವಾ ವಿತರಕ ವಾರಕ್ಕೆ ಇಷ್ಟು ಎಂದು ಬಾಡಿಗೆ ಕಟ್ಟುತ್ತಾನೆ. ಕಲೆಕ್ಷನ್ ಎಷ್ಟಾದರೂ ಅವನದು. ಮಲ್ಟಿಪ್ಲೆಕ್ಸ್‌ನಲ್ಲಿ ಶೇಕಡಾವಾರು ಪದ್ಧತಿ: ಬಂದದ್ದರಲ್ಲಿ ಇಬ್ಬರಿಗೂ ಪಾಲು. ಕನ್ನಡ ನಿರ್ಮಾಪಕರು ಏಕಪರದೆಗಳಲ್ಲೂ ಶೇಕಡಾವಾರು ಪದ್ಧತಿ ಬರಲಿ ಎಂದು ಮತ್ತೆ ಮತ್ತೆ ಕೇಳಿದ್ದಾರೆ.

ವಾರದ ಬಾಡಿಗೆ 2 ಲಕ್ಷ ಎನ್ನಿ. ಕಲೆಕ್ಷನ್ 4 ಲಕ್ಷವಾದರೆ ಬಾಡಿಗೆ ಕಳೆದು ನಿರ್ಮಾಪಕನಿಗೆ 2 ಲಕ್ಷ. ಅರ್ಧರ್ಧ ಪಾಲಿನಲ್ಲೂ ಅಷ್ಟೇ. ಆದರೆ ಚಿತ್ರ ಗೆದ್ದು ಕಲೆಕ್ಷನ್ 8 ಲಕ್ಷವಾದರೆ ಬಾಡಿಗೆ ಪದ್ಧತಿಯಲ್ಲಿ ಅವನ ಕೈಗೆ 6 ಲಕ್ಷ, ಪಾಲಿನಲ್ಲಿ 4. ಸೋತು 1.5 ಲಕ್ಷಕ್ಕೆ ನಿಂತರೆ ಬಾಡಿಗೆ ಪದ್ಧತಿಯಲ್ಲಿ ಕೈಯಿಂದ 50 ಸಾವಿರ ಕಟ್ಟಬೇಕು. ಪಾಲಿನಲ್ಲಿ 75 ಸಾವಿರವಾದರೂ ಬರುತ್ತದೆ. ಬಾಡಿಗೆಯೆಂಬ ಸ್ಥಿರ ವೆಚ್ಚ ನಿರ್ಮಾಪಕನ ಹೆಗಲಿಗೆ ಬಂದ ಕೂಡಲೇ ಏರಿಳಿತವೂ ಅವನದಾಗುತ್ತದೆ. ಚಿತ್ರಮಂದಿರದವರು ಅಷ್ಟರಮಟ್ಟಿಗೆ ನಿಶ್ಚಿಂತರು. ಪಾಲಿಗೆ ಬದಲಾದರೆ ಅದೇ ಏರಿಳಿತದ ಅರ್ಧ ಭಾರ ಮರಳಿ ಚಿತ್ರಮಂದಿರದ ಮೇಲೆ ಬೀಳುತ್ತದೆ. ಸ್ಟಾರ್ ಚಿತ್ರದ ನಿರ್ಮಾಪಕನಿಗೆ ಬಾಡಿಗೆ ಲಾಭದಾಯಕ, ಹೊಸಬರ ಸಣ್ಣ ಚಿತ್ರಕ್ಕೆ ಅದೇ ಕುತ್ತಿಗೆಗೆ ಬರುತ್ತದೆ. ಅಷ್ಟೊತ್ತಿಗೆ ಚಿತ್ರ ತಯಾರಿಸಿದ ಹಣವೆಲ್ಲ ಖರ್ಚಾಗಿಹೋಗಿರುತ್ತದೆ. ಅದರ ಮೇಲೆ ವಾರವಾರದ ಬಾಡಿಗೆ ಇನ್ನೊಂದು ಸ್ಥಿರ ಹೊರೆ. ಮೊದಲ ವಾರದಲ್ಲೇ ಒಳ್ಳೆಯ ಸಣ್ಣ ಚಿತ್ರಗಳು ಪರದೆಯಿಂದ ಇಳಿಯುವುದಕ್ಕೆ ಪ್ರೇಕ್ಷಕರ ನಿರಾಸಕ್ತಿ ಎಷ್ಟು ಕಾರಣವೋ ಈ ಲೆಕ್ಕವೂ ಅಷ್ಟೇ ಕಾರಣ. ಸಣ್ಣ ಚಿತ್ರಗಳಿಗಾದರೂ ಪಾಲಿನ ಪದ್ಧತಿ ನ್ಯಾಯವಾದದ್ದು ಎಂಬುದು ನನ್ನ ನಿಲುವು.

ಇದೇ ಆಯ್ಕೆ ಕಟ್ಟಡದ ಮಾಲೀಕರೊಂದಿಗಿನ ಒಪ್ಪಂದದಲ್ಲೂ ಇದೆ. ನಮ್ಮ ಚಿತ್ರಮಂದಿರ 2.5 ಲಕ್ಷದ ಬಾಡಿಗೆಯ ಬದಲು ಕನಿಷ್ಠ 1 ಲಕ್ಷ, ಮೇಲೆ ಟಿಕೆಟ್ಟಿಗೆ 12.50 ರೂಪಾಯಿ ಎಂದು ಒಪ್ಪಂದ ಮಾಡಿಕೊಂಡಿತು ಎನ್ನಿ. 12,000 ಜನ ಬರುವ ಸಾಧಾರಣ ತಿಂಗಳಿನಲ್ಲಿ ಏನೂ ಬದಲಾಗುವುದಿಲ್ಲ, ಲಾಭ ಅದೇ 1.4 ಲಕ್ಷ. 24,000 ಜನ ಬಂದ ತಿಂಗಳಿನಲ್ಲಿ ಲಾಭ 9.8 ಲಕ್ಷದ ಬದಲು 8.3 ಲಕ್ಷ. 6,000ಕ್ಕೆ ಕುಸಿದ ತಿಂಗಳಿನಲ್ಲಿ ನಷ್ಟ 2.8 ಲಕ್ಷದ ಬದಲು 2.05 ಲಕ್ಷ. ಒಳ್ಳೆಯ ತಿಂಗಳಿನ ಒಂದೂವರೆ ಲಕ್ಷವನ್ನು ಬಿಟ್ಟುಕೊಟ್ಟು ಕೆಟ್ಟ ತಿಂಗಳಿನ ಮುಕ್ಕಾಲು ಲಕ್ಷವನ್ನು ಉಳಿಸಿಕೊಂಡಂತಾಯಿತು. ಮೇಲ್ನೋಟಕ್ಕೆ ಇದು ನಷ್ಟದ ವ್ಯವಹಾರ. ಆದರೆ ಕೈಯಲ್ಲಿ ಮೀಸಲು ಹಣವಿಲ್ಲದವರಿಗೆ ಕೆಟ್ಟ ತಿಂಗಳನ್ನು ದಾಟುವುದೇ ದೊಡ್ಡದು. ದಾಟದಿದ್ದರೆ ಒಳ್ಳೆಯ ತಿಂಗಳು ಬಂದಾಗ ಅವರು ಅಲ್ಲಿರುವುದೇ ಇಲ್ಲ.

ಇದರ ಮೇಲೆ ಸಾಲವೂ ಸೇರಿದರೆ ಏರಿಳಿತ ಇನ್ನೂ ತೀವ್ರವಾಗುತ್ತದೆ. ಹೊಸ ಕುರ್ಚಿ, ಹೊಸ ಧ್ವನಿವ್ಯವಸ್ಥೆಗೆ ಸಾಲ ಮಾಡಿ ತಿಂಗಳಿಗೆ 80 ಸಾವಿರ ಬಡ್ಡಿ ಕಟ್ಟಬೇಕಾದರೆ ಸಾಧಾರಣ ತಿಂಗಳಿನ ಲಾಭ 60 ಸಾವಿರಕ್ಕೆ ಇಳಿಯುತ್ತದೆ. ಆಗ ಪ್ರೇಕ್ಷಕರು ಶೇ 10ರಷ್ಟು ಕಡಿಮೆಯಾದರೂ ಸಾಕು, 84 ಸಾವಿರ ಕೊರತೆ ಬಿದ್ದು ನಷ್ಟ ಶುರು. ಸ್ಥಿರ ವೆಚ್ಚ ಮೊದಲೇ ಹೆಚ್ಚಿರುವ ಉದ್ಯಮ ದೊಡ್ಡ ಸಾಲ ಹೊತ್ತಿದ್ದರೆ ಬ್ಯಾಂಕಿನವರು ಹಿಂಜರಿಯುವುದಕ್ಕೆ ಕಾರಣ ಇದು.

ಹೊರಗಿನಿಂದ ನೋಡುವವರಿಗೆ ಇದನ್ನು ಪತ್ತೆಹಚ್ಚುವುದು ಅಷ್ಟು ಸುಲಭವಲ್ಲ. ಕಂಪನಿಗಳ ವಾರ್ಷಿಕ ವರದಿಯಲ್ಲಿ ಸ್ಥಿರ ವೆಚ್ಚ ಇಷ್ಟು, ಬದಲಾಗುವ ವೆಚ್ಚ ಇಷ್ಟು ಎಂದು ವಿಂಗಡಿಸಿ ಬರೆದಿರುವುದಿಲ್ಲ. ಬಾಡಿಗೆ, ಸಂಬಳ, ವಿದ್ಯುತ್, ಸವಕಳಿ ಎಂಬ ಸಾಲುಗಳನ್ನು ನಾಲ್ಕೈದು ವರ್ಷಗಳ ವರದಿಗಳಿಂದ ತೆಗೆದು ಅಕ್ಕಪಕ್ಕ ಇಟ್ಟು ನೋಡಬೇಕು. ವಹಿವಾಟು ಇಳಿದ ವರ್ಷದಲ್ಲಿ ಯಾವ ಸಾಲುಗಳು ಜೊತೆಗೆ ಇಳಿಯಲಿಲ್ಲವೋ ಅವೇ ಸ್ಥಿರ ವೆಚ್ಚಗಳು. ವಹಿವಾಟು ಏರಿದ ವರ್ಷವನ್ನು ನೋಡಿದರೆ ಇದು ಗೊತ್ತಾಗುವುದಿಲ್ಲ, ಏಕೆಂದರೆ ಆಗ ಎಲ್ಲ ಖರ್ಚುಗಳೂ ಹೇಗೋ ಏರಿರುತ್ತವೆ.

ಅಂಗಡಿಗೋ ಹೋಟೆಲಿಗೋ ಕಟ್ಟಡ ಹಿಡಿಯಲು ಹೊರಟಿರುವವರು ಕರಾರಿಗೆ ಸಹಿ ಹಾಕುವ ಮೊದಲು ಒಂದು ಲೆಕ್ಕ ಮಾಡಿ. ಸಾಧಾರಣ ತಿಂಗಳಿನ ವ್ಯಾಪಾರ ಎಷ್ಟು ಶೇಕಡಾ ಕುಸಿದರೆ ನಿಮ್ಮ ಲಾಭ ಸೊನ್ನೆಯಾಗುತ್ತದೆ ಎಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ಅಂಕಿ ಹತ್ತಕ್ಕಿಂತ ಕಡಿಮೆಯಿದ್ದರೆ ಮಾಲೀಕರ ಬಳಿ ಹೋಗಿ, ಕನಿಷ್ಠ ಬಾಡಿಗೆ ಕಡಿಮೆ ಮಾಡಿ, ವ್ಯಾಪಾರದಲ್ಲಿ ಪಾಲು ತೆಗೆದುಕೊಳ್ಳಿ ಎಂದು ಕೇಳಿ. ಕೇಳುವ ಸಮಯ ಸಹಿಗೆ ಮುಂಚೆಯೇ.